ಡೆವ್‌ಆಪ್ಸ್ ರೆಸ್ಯೂಮೆಯಲ್ಲಿ ಟೂಲ್ ಹೆಸರು ಹೆಚ್ಚಿದ್ದಷ್ಟೂ ಕೆಲಸ ಸಿಗುತ್ತದೆಯೇ?

‘ರೆಸ್ಯೂಮೆಯನ್ನು ಮೊದಲು ಓದುವುದು ಮನುಷ್ಯರಲ್ಲ, ಸಾಫ್ಟ್‌ವೇರ್. ಹಾಗಾಗಿ ಗೊತ್ತಿರುವ ಟೂಲ್‌ಗಳ ಹೆಸರನ್ನೆಲ್ಲ ತುಂಬಿಸಿ. ಅಪ್‌ಟೈಮ್ 99.99% ಎಂದು ಬರೆಯಿರಿ. ಕರೆ ಬಂದೇ ಬರುತ್ತದೆ.’ ಕೆಲಸ ಹುಡುಕುವವರ ವಾಟ್ಸಾಪ್ ಗುಂಪುಗಳಲ್ಲಿ ಇಂತಹ ಸಲಹೆಗಳು ಓಡಾಡುತ್ತಿರುತ್ತವೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿ ಬರೆದವರು ಇಂಟರ್‌ವ್ಯೂನ ಎರಡನೇ ಪ್ರಶ್ನೆಗೇ ಸಿಕ್ಕಿಬೀಳಬಹುದು. ಯಾವುದು ನಿಜ, ಯಾವುದಲ್ಲ ಎಂದು ನೋಡೋಣ.

ಡೆವ್‌ಆಪ್ಸ್ ಇಂಜಿನಿಯರ್ ಮಾಡುವ ಕೆಲಸವೇನು?

ನೀವು ಮೊಬೈಲ್‌ನಲ್ಲಿ ಊಟ ತರಿಸುವ ಆ್ಯಪ್ ಬಳಸುತ್ತೀರಿ ಎಂದುಕೊಳ್ಳಿ. ಆ್ಯಪ್‌ನ ಕೋಡ್ ಬರೆಯುವವರು ಒಂದು ತಂಡ. ಆ ಕೋಡನ್ನು ಸರ್ವರ್‌ಗಳಿಗೆ ತಲುಪಿಸಿ, ಅದು ಹಗಲು ರಾತ್ರಿ ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಈ ಎರಡರ ನಡುವಿನ ದಾರಿಯನ್ನು ಕಟ್ಟಿ ಕಾಯುವವರೇ ಡೆವ್‌ಆಪ್ಸ್ ಇಂಜಿನಿಯರ್.

ಇವರ ಕೆಲಸ ಚೆನ್ನಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ತೋರಿಸಲು ಹೊಸ ಪರದೆಯಿಲ್ಲ, ಹೊಸ ಬಟನ್ ಇಲ್ಲ. ಅದಕ್ಕೇ ಹಲವರು ಬಳಸಿದ ಟೂಲ್‌ಗಳ ಹೆಸರನ್ನೇ ಸಾಲಾಗಿ ಬರೆದುಬಿಡುತ್ತಾರೆ. ಮೇಸ್ತ್ರಿಯೊಬ್ಬರು ತಾವು ಕಟ್ಟಿದ ಮನೆಯ ಬಗ್ಗೆ ಹೇಳದೆ ಕರಣೆ, ಗುಂಡು, ಮಟ್ಟಗೋಲು ಎಂದು ಪಟ್ಟಿ ಓದಿದಂತೆ ಇದು.

ಹಾಗಾದರೆ ಸಾಫ್ಟ್‌ವೇರ್ ಓದುವುದು ಸುಳ್ಳೇ?

ಪೂರ್ತಿ ಸುಳ್ಳಲ್ಲ. ದೊಡ್ಡ ಕಂಪನಿಗಳು ಅರ್ಜಿಗಳನ್ನು ಒಂದು ಸಾಫ್ಟ್‌ವೇರ್‌ನಲ್ಲಿ ಇಟ್ಟುಕೊಳ್ಳುತ್ತವೆ. ಎಚ್‌ಆರ್‌ನವರು ಅದರಲ್ಲಿ ‘ಕುಬರ್ನೆಟಿಸ್’ ಎಂದು ಹುಡುಕಿದಾಗ ಆ ಪದವೇ ಇಲ್ಲದ ರೆಸ್ಯೂಮೆ ಮೇಲೆ ಬಾರದೇ ಹೋಗಬಹುದು. ಹಾಗಾಗಿ ಟೂಲ್ ಹೆಸರು ಬೇಕು. ಆದರೆ ಅದು ಒಂದು ಕಡೆ, ಎರಡು ಮೂರು ಸಾಲಿನಲ್ಲಿದ್ದರೆ ಸಾಕು: ಉದ್ಯೋಗದ ಜಾಹೀರಾತಿನಲ್ಲಿ ಕೇಳಿದ್ದು, ನೀವು ನಿಜವಾಗಿ ಬಳಸಿದ್ದು, ಕೇಳಿದರೆ ಹತ್ತು ನಿಮಿಷ ಮಾತಾಡಬಲ್ಲದ್ದು. ಒಂದೇ ಹೆಸರನ್ನು ಆರು ಸಲ ಬರೆದ ಮಾತ್ರಕ್ಕೆ, ಕೊನೆಗೆ ಕುಳಿತು ಓದುವ ಇಂಜಿನಿಯರ್‌ಗೆ ಹೊಸದೇನೂ ತಿಳಿಯುವುದಿಲ್ಲ.

ಅವರು ಹುಡುಕುವುದು ನಾಲ್ಕು ಸಂಗತಿಗಳನ್ನು. ಸೇವೆ ಎಷ್ಟು ಹೊತ್ತು ನಿಂತುಹೋಯಿತು? ಹೊಸ ಕೋಡ್ ಎಷ್ಟು ಸಲ, ಎಷ್ಟು ಸುರಕ್ಷಿತವಾಗಿ ಹೊರಹೋಯಿತು? ಕ್ಲೌಡ್ ಬಿಲ್ ಏನಾಯಿತು? ಕೈಯಿಂದ ಮಾಡುವ ಕೆಲಸ ಎಷ್ಟು ಕಡಿಮೆಯಾಯಿತು? ಇವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುವ ಸಣ್ಣ ಕಂಪನಿಯೊಂದರಲ್ಲಿ ಇಂಜಿನಿಯರ್ ಒಬ್ಬರು ಒಂದು ವರ್ಷ ಕೆಲಸ ಮಾಡಿದ್ದಾರೆ. ಅವರ ಮೊದಲ ಆರು ತಿಂಗಳನ್ನು ನಂತರದ ಆರು ತಿಂಗಳ ಜೊತೆ ಹೋಲಿಸುತ್ತೇವೆ.

ಅಪ್‌ಟೈಮ್: ಶೇಕಡಾವಾರು ಬಿಟ್ಟು ನಿಮಿಷಗಳಲ್ಲಿ ಹೇಳಿ

30 ದಿನಗಳ ತಿಂಗಳಲ್ಲಿ 43,200 ನಿಮಿಷಗಳಿರುತ್ತವೆ. 99.9% ಅಪ್‌ಟೈಮ್ ಎಂದರೆ ತಿಂಗಳಿಗೆ ಸುಮಾರು 43 ನಿಮಿಷ ಸೇವೆ ನಿಲ್ಲಬಹುದು. 99.99% ಎಂದರೆ ಕೇವಲ 4 ನಿಮಿಷ ಚಿಲ್ಲರೆ. ಕಾಗದದ ಮೇಲೆ ಕಾಣುವುದು ಒಂದು ಒಂಬತ್ತರ ವ್ಯತ್ಯಾಸ. ಆದರೆ ಫೋನ್ ರಿಂಗಾಗಿ, ನಿದ್ದೆಯಿಂದ ಎದ್ದು, ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲೇ 4 ನಿಮಿಷ ಮುಗಿದಿರುತ್ತದೆ. ಅಂದರೆ ಮನುಷ್ಯರು ಎದ್ದು ಸರಿಪಡಿಸುವ ವ್ಯವಸ್ಥೆಯಲ್ಲಿ 99.99% ಹೇಳುವುದು ಕಷ್ಟ. ‘100% ಅಪ್‌ಟೈಮ್’ ಎಂದು ಬರೆದಿದ್ದರಂತೂ ಓದುವವರಿಗೆ ಅನುಮಾನವೇ ಬರುತ್ತದೆ.

ನಮ್ಮ ಉದಾಹರಣೆಯಲ್ಲಿ ಮೊದಲ ಆರು ತಿಂಗಳಲ್ಲಿ ಸೇವೆ 11 ಸಲ ನಿಂತಿತ್ತು, ಒಟ್ಟು 540 ನಿಮಿಷ. ಇಂಜಿನಿಯರ್ ಆ ಹನ್ನೊಂದೂ ಘಟನೆಗಳ ಟಿಪ್ಪಣಿ ಓದಿದರು. ಹೆಚ್ಚಿನವುಗಳ ಕಾರಣ ತೀರಾ ಸಾಮಾನ್ಯ: ಲಾಗ್ ಫೈಲ್‌ಗಳು ಬೆಳೆದು ಡಿಸ್ಕ್ ತುಂಬಿತ್ತು, ಇಲ್ಲವೇ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಡಿಸ್ಕ್ 80% ತುಂಬುವಾಗಲೇ ಎಚ್ಚರಿಕೆ ಬರುವಂತೆ ಮಾಡಿದರು, ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುವಂತೆ ಮಾಡಿದರು. ನಂತರದ ಆರು ತಿಂಗಳಲ್ಲಿ ಸೇವೆ 3 ಸಲ ನಿಂತಿತು, ಒಟ್ಟು 90 ನಿಮಿಷ.

ಲೆಕ್ಕ ಹಾಕಿದರೆ ಇದು 99.79 ರಿಂದ 99.97 ಶೇಕಡಾಕ್ಕೆ ಏರಿಕೆ. ಹೀಗೆ ಬರೆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ‘ತಿಂಗಳಿಗೆ ಸರಾಸರಿ 90 ನಿಮಿಷ ನಿಲ್ಲುತ್ತಿದ್ದ ಆರ್ಡರ್ ಸೇವೆ 15 ನಿಮಿಷಕ್ಕೆ ಇಳಿಯಿತು’ ಎಂದರೆ ಎಚ್‌ಆರ್‌ನವರಿಗೂ ಅರ್ಥವಾಗುತ್ತದೆ. ಯಾವ ಸೇವೆ, ಎಷ್ಟು ತಿಂಗಳ ಲೆಕ್ಕ ಎಂಬುದನ್ನೂ ಬರೆಯಬೇಕು. ಅವೆರಡೂ ಇಲ್ಲದ ಅಪ್‌ಟೈಮ್ ಸಂಖ್ಯೆಯನ್ನು ಯಾರೂ ಪರೀಕ್ಷಿಸಲಾರರು.

ಡಿಪ್ಲಾಯ್‌ಮೆಂಟ್: ಬರೀ ಎಣಿಕೆ ಮೋಸ ಮಾಡುತ್ತದೆ

ಹೊಸ ಕೋಡನ್ನು ಬಳಕೆದಾರರಿಗೆ ತಲುಪಿಸುವುದೇ ಡಿಪ್ಲಾಯ್‌ಮೆಂಟ್. 2009ರಲ್ಲಿ ಫ್ಲಿಕರ್‌ನ ಇಬ್ಬರು ಇಂಜಿನಿಯರ್‌ಗಳು ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಡಿಪ್ಲಾಯ್ ಮಾಡುತ್ತೇವೆ ಎಂದು ಒಂದು ಸಮ್ಮೇಳನದಲ್ಲಿ ವಿವರಿಸಿದ್ದರು. ಆ ಭಾಷಣ ಬಹಳ ಹೆಸರಾಯಿತು. ಅದರ ನಂತರ ‘ಎಷ್ಟು ಸಲ’ ಎಂಬುದೇ ಹೆಮ್ಮೆಯ ವಿಷಯವಾಗಿಬಿಟ್ಟಿದೆ. ಆದರೆ ಒಂದು ಅಕ್ಷರ ತಿದ್ದಿ ಹತ್ತು ಸಲ ಕಳುಹಿಸಿದರೂ ಎಣಿಕೆ ಹೆಚ್ಚುತ್ತದೆ. ಅದಕ್ಕೇ ಈ ಕ್ಷೇತ್ರದಲ್ಲಿ ಹೆಸರಾದ ಡೋರಾ ಸಂಶೋಧನಾ ತಂಡ ಎಣಿಕೆಯೊಂದನ್ನೇ ನೋಡುವುದಿಲ್ಲ. ಬದಲಾವಣೆ ಹೊರಹೋಗಲು ಹಿಡಿಯುವ ಸಮಯ, ಅದರಲ್ಲಿ ಕೆಟ್ಟವುಗಳ ಪ್ರಮಾಣ, ಕೆಟ್ಟಾಗ ಸರಿಯಾಗಲು ಹಿಡಿಯುವ ಸಮಯ, ಇವನ್ನೂ ಜೊತೆಗೇ ನೋಡುತ್ತದೆ.

ನಮ್ಮ ಉದಾಹರಣೆಗೆ ಬನ್ನಿ. ಮೊದಲು ಎರಡು ವಾರಕ್ಕೊಮ್ಮೆ, ಶನಿವಾರ ರಾತ್ರಿ ಎಲ್ಲರೂ ಕುಳಿತು ಡಿಪ್ಲಾಯ್ ಮಾಡುತ್ತಿದ್ದರು. ಆರು ತಿಂಗಳಲ್ಲಿ 12 ಸಲ, ಅದರಲ್ಲಿ 3 ಕೆಟ್ಟವು. ನಂತರ ಸಣ್ಣ ಸಣ್ಣ ಬದಲಾವಣೆಗಳನ್ನು ವಾರಕ್ಕೆ ಮೂರು ಸಲ ಕಳುಹಿಸತೊಡಗಿದರು. ಮೊದಲು ನೂರಕ್ಕೆ ಐದು ಬಳಕೆದಾರರಿಗೆ ಮಾತ್ರ ಹೋಗುತ್ತಿತ್ತು, ದೋಷ ಕಂಡರೆ ತಾನಾಗಿ ಹಳೆಯ ಆವೃತ್ತಿಗೆ ಮರಳುತ್ತಿತ್ತು. ಆರು ತಿಂಗಳಲ್ಲಿ 72 ಸಲ, ಅದರಲ್ಲಿ 5 ಕೆಟ್ಟವು.

ಇಲ್ಲೊಂದು ತಮಾಷೆಯಿದೆ. ಕೆಟ್ಟವುಗಳ ಎಣಿಕೆ 3 ರಿಂದ 5ಕ್ಕೆ ಏರಿದೆ! ಪ್ರಮಾಣ ನೋಡಿದರೆ ಮಾತ್ರ ನೂರಕ್ಕೆ 25 ಇದ್ದದ್ದು 7ಕ್ಕೆ ಇಳಿದಿರುವುದು ಕಾಣುತ್ತದೆ. ಇದನ್ನು ಮುಚ್ಚಿಡಬೇಕಿಲ್ಲ. ‘ಐದು ಕೆಟ್ಟವು, ಐದೂ ಕೆಲವೇ ನಿಮಿಷಗಳಲ್ಲಿ ಹಿಂದಕ್ಕೆ ಬಂದವು’ ಎಂದು ಹೇಳಬಲ್ಲವರು ನಿಜವಾಗಿ ಆ ಕೆಲಸ ಮಾಡಿದವರು ಎಂದು ಇಂಟರ್‌ವ್ಯೂ ಮಾಡುವವರಿಗೆ ತಿಳಿಯುತ್ತದೆ.

ಕ್ಲೌಡ್ ಬಿಲ್: ಉಳಿತಾಯವೋ, ಗಿರಾಕಿ ಇಲ್ಲದ್ದೋ?

‘ಕ್ಲೌಡ್ ವೆಚ್ಚ 40% ಕಡಿಮೆ ಮಾಡಿದೆ’ ಎಂಬ ಸಾಲು ಕಂಡರೆ ಮೊದಲು ಕೇಳಬೇಕಾದದ್ದು, ಯಾವುದರ 40%? ಗಿರಾಕಿಗಳು ಕಡಿಮೆಯಾದರೂ ಬಿಲ್ ಇಳಿಯುತ್ತದೆ. ಅದು ಉಳಿತಾಯವಲ್ಲ.

ನಮ್ಮ ಇಂಜಿನಿಯರ್ ಕಂಡುಕೊಂಡದ್ದು ಇಷ್ಟು: ಪರೀಕ್ಷೆಗಾಗಿ ಇಟ್ಟ ಸರ್ವರ್‌ಗಳು ವಾರದ 168 ಗಂಟೆಯೂ ಓಡುತ್ತಿದ್ದವು. ಬಳಕೆಯಾಗುತ್ತಿದ್ದದ್ದು ಕೆಲಸದ ಐದು ದಿನ, ದಿನಕ್ಕೆ 12 ಗಂಟೆ, ಅಂದರೆ 60 ಗಂಟೆ ಮಾತ್ರ. ರಾತ್ರಿ ಮತ್ತು ವಾರಾಂತ್ಯ ಅವು ತಾನಾಗಿ ಆಫ್ ಆಗುವಂತೆ ಮಾಡಿದರು. ಯಾವ ಸರ್ವರ್‌ಗೂ ಸೇರದೆ ಬಾಡಿಗೆ ತಿನ್ನುತ್ತಿದ್ದ ಹಳೆಯ ಡಿಸ್ಕ್‌ಗಳನ್ನು, ಅದರಲ್ಲಿದ್ದ ಮಾಹಿತಿ ಯಾರಿಗೂ ಬೇಡವೆಂದು ಖಚಿತಪಡಿಸಿಕೊಂಡು ತೆಗೆದರು. ತಿಂಗಳ ಬಿಲ್ 8 ಲಕ್ಷದಿಂದ 6 ಲಕ್ಷ ರೂಪಾಯಿಗೆ ಇಳಿಯಿತು. ಅದೇ ಹೊತ್ತಿಗೆ ತಿಂಗಳ ಆರ್ಡರ್‌ಗಳು 4 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದವು. ಅಂದರೆ ಒಂದು ಆರ್ಡರ್‌ಗೆ 2 ರೂಪಾಯಿ ಇದ್ದ ವೆಚ್ಚ 1 ರೂಪಾಯಿ 20 ಪೈಸೆ ಆಯಿತು. ಬಿಲ್‌ನ ಇಳಿಕೆ 25%, ಪ್ರತಿ ಆರ್ಡರ್‌ನ ಇಳಿಕೆ 40%. ಎರಡೂ ನಿಜ, ಆದರೆ ಯಾವುದನ್ನು ಹೇಳುತ್ತಿದ್ದೀರಿ ಎಂದು ಬರೆಯಬೇಕು.

ಇನ್ನೊಂದು ಮಾತು. ಸರ್ವರ್‌ಗಳನ್ನು ಅತಿಯಾಗಿ ಕಡಿದರೆ ಬಿಲ್ ಇಳಿಯುತ್ತದೆ, ಹಬ್ಬದ ಮಾರಾಟದ ದಿನ ಸೇವೆ ಮಲಗುತ್ತದೆ. ಅದಕ್ಕೇ ಅಪ್‌ಟೈಮ್ ಜೊತೆಗಿಟ್ಟು ತೋರಿಸಿದ ಉಳಿತಾಯಕ್ಕೆ ಮಾತ್ರ ಬೆಲೆ.

ಆಟೊಮೇಶನ್: ಗಂಟೆಗಳಲ್ಲಿ ಹೇಳಿ

‘ಎಲ್ಲವನ್ನೂ ಆಟೊಮೇಟ್ ಮಾಡಿದೆ’ ಎಂಬುದು ಏನನ್ನೂ ಹೇಳದ ಸಾಲು. ಒಂದು ಕೆಲಸ ಆರಿಸಿ. ಇಲ್ಲಿ ಡೆವಲಪರ್‌ಗಳಿಗೆ ಪರೀಕ್ಷಾ ವ್ಯವಸ್ಥೆ ಸಿದ್ಧಪಡಿಸಿ ಕೊಡಲು ಪ್ರತಿ ಸಲ 3 ಗಂಟೆ ಬೇಕಿತ್ತು. ತಿಂಗಳಿಗೆ 8 ಸಲ, ಅಂದರೆ 24 ಗಂಟೆ. ಸ್ಕ್ರಿಪ್ಟ್ ಬಂದ ಮೇಲೆ ಪ್ರತಿ ಸಲ 10 ನಿಮಿಷ. ಆ ಸ್ಕ್ರಿಪ್ಟ್ ಬರೆಯಲು 60 ಗಂಟೆ ಹಿಡಿದಿತ್ತು, ತಿಂಗಳಿಗೆ 2 ಗಂಟೆ ದುರಸ್ತಿ ಬೇಕು. ಅದನ್ನೆಲ್ಲ ಕಳೆದರೂ ಸುಮಾರು ಮೂರು ತಿಂಗಳಲ್ಲಿ ಶ್ರಮ ವಾಪಸಾಯಿತು. ವರ್ಷಕ್ಕೆ ಎರಡು ಸಲ ಮಾತ್ರ ಬರುವ ಕೆಲಸಕ್ಕೆ ಇಷ್ಟೇ ಗಂಟೆ ಸುರಿದಿದ್ದರೆ ಅದು ನಷ್ಟದ ಬಾಬತ್ತು.

ಕೊನೆಗೆ ರೆಸ್ಯೂಮೆಯಲ್ಲಿ ಉಳಿಯುವುದು

ಇಡೀ ವರ್ಷದ ಕೆಲಸ ನಾಲ್ಕು ಸಾಲಿಗೆ ಬರುತ್ತದೆ. ರೆಸ್ಯೂಮೆ ಇಂಗ್ಲಿಷ್‌ನಲ್ಲಿದ್ದರೂ ಸಾಲಿನ ಸಾರ ಹೀಗಿರಲಿ:

- ಡಿಸ್ಕ್ ಮತ್ತು ಸರ್ಟಿಫಿಕೇಟ್ ಎಚ್ಚರಿಕೆಗಳನ್ನು ಕಟ್ಟಿ, ಆರ್ಡರ್ ಸೇವೆ ನಿಲ್ಲುವುದನ್ನು ತಿಂಗಳಿಗೆ 90 ರಿಂದ 15 ನಿಮಿಷಕ್ಕೆ ಇಳಿಸಿದೆ (6 ತಿಂಗಳ ಸರಾಸರಿ).
- ಡಿಪ್ಲಾಯ್‌ಮೆಂಟ್ ತಿಂಗಳಿಗೆ 2 ರಿಂದ 12ಕ್ಕೆ ಏರಿತು, ಕೆಟ್ಟವುಗಳ ಪ್ರಮಾಣ 25% ರಿಂದ 7%ಕ್ಕೆ ಇಳಿಯಿತು.
- ಪ್ರತಿ ಆರ್ಡರ್‌ನ ಕ್ಲೌಡ್ ವೆಚ್ಚ 40% ಇಳಿಯಿತು, ಅಪ್‌ಟೈಮ್ ಕುಗ್ಗಲಿಲ್ಲ.
- ಪರೀಕ್ಷಾ ವ್ಯವಸ್ಥೆ ಸಿದ್ಧಪಡಿಸುವ ಸಮಯವನ್ನು 3 ಗಂಟೆಯಿಂದ 10 ನಿಮಿಷಕ್ಕೆ ತಂದೆ.

ಇಲ್ಲಿ ಒಂದೂ ಟೂಲ್ ಹೆಸರಿಲ್ಲ ಎಂಬುದನ್ನು ಗಮನಿಸಿ. ಅವು ಕೆಳಗಿನ ಕೌಶಲಗಳ ಸಾಲಿನಲ್ಲಿವೆ. ತಂಡವಾಗಿ ಮಾಡಿದ್ದಾದರೆ ‘ನಾಲ್ವರ ತಂಡದಲ್ಲಿ’ ಎಂದು ಸೇರಿಸಿ, ನಿಮ್ಮ ಪಾಲು ಯಾವುದೆಂದು ಹೇಳಿ.

ಮೊದಲಿನ ಅಂಕಿಯೇ ಇಲ್ಲದಿದ್ದರೆ? ಘಟನೆಗಳ ಟಿಪ್ಪಣಿ, ಡಿಪ್ಲಾಯ್‌ಮೆಂಟ್ ಇತಿಹಾಸ, ಕ್ಲೌಡ್ ಬಿಲ್‌ನ ಪುಟ, ಈ ಮೂರರಲ್ಲಿ ಹೆಚ್ಚಿನದು ಸಿಗುತ್ತದೆ. ಕೆಲಸ ಬಿಟ್ಟ ದಿನವೇ ಇವೆಲ್ಲ ನಿಮಗೆ ಮುಚ್ಚಿಹೋಗುತ್ತವೆ, ಹಾಗಾಗಿ ಕೆಲಸದಲ್ಲಿರುವಾಗಲೇ ಲೆಕ್ಕ ಹಾಕಿಡಿ. ಆದರೆ ಕಂಪನಿಯ ದಾಖಲೆಗಳನ್ನು ಹೊರಗೆ ತರಬೇಡಿ. ರೂಪಾಯಿ ಮೊತ್ತ ಗೋಪ್ಯವಾಗಿದ್ದರೆ ಶೇಕಡಾವಾರು ಸಾಕು. ಏನೂ ಸಿಗದಿದ್ದರೆ ಸಂಖ್ಯೆ ಹುಟ್ಟಿಸದೆ, ‘ಶನಿವಾರ ರಾತ್ರಿಯ ಡಿಪ್ಲಾಯ್‌ಮೆಂಟ್ ನಿಂತಿತು, ಹಗಲಿನಲ್ಲೇ ಆಗತೊಡಗಿತು’ ಎಂದು ಬರೆಯಿರಿ. ಅದೂ ನಿಜವಾದ ಫಲಿತಾಂಶವೇ.

ನಮ್ಮ ತೀರ್ಮಾನ: ಟೂಲ್ ಹೆಸರು ಬೇಕೆಂಬುದು ನಿಜ, ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. ಅಳೆಯದ 99.99% ಬರೆದುಕೊಳ್ಳಿ ಎಂಬ ಸಲಹೆಯಂತೂ ಅಪಾಯ. ‘ಇದನ್ನು ಹೇಗೆ ಅಳೆದಿರಿ?’ ಎಂಬ ಒಂದೇ ಪ್ರಶ್ನೆ ಸಾಕು. ಉತ್ತರವಿಲ್ಲದಿದ್ದರೆ ಆ ಸಾಲಿನ ಜೊತೆಗೆ ಉಳಿದ ನಿಜವಾದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಆ ಫಾರ್ವರ್ಡ್ ಮತ್ತೆ ಬಂದರೆ, ಕಳುಹಿಸಿದವರಿಗೂ ಇದೇ ಪ್ರಶ್ನೆ ಕೇಳಿ.