ಮಾಸಿಕ ಹೂಡಿಕೆಯ ಬೆಳವಣಿಗೆ ಕೋಷ್ಟಕ

ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳ ಕಂತು (ಎಸ್‌ಐಪಿ) ಕಟ್ಟಿದರೆ ಪ್ರತಿ ವರ್ಷದ ಕೊನೆಗೆ ಎಷ್ಟಾಗಬಹುದು ಎಂಬುದನ್ನು ಊಹಿಸಿದ ಲಾಭದರದ ಮೇಲೆ ತೋರಿಸುವ ಪಟ್ಟಿ. ಕರೋಲ್ ಬಾಗ್‌ನ ಕನ್ನಡ ಕುಟುಂಬವೊಂದು ತಿಂಗಳ ಮೊದಲಿಗೆ 5,000 ರೂಪಾಯಿ ಕಟ್ಟುತ್ತದೆ, ಊಹಿಸಿದ ವಾರ್ಷಿಕ ದರ ಶೇ. 12 ಎಂದಿಟ್ಟುಕೊಳ್ಳೋಣ.

| ವರ್ಷ | ಕಟ್ಟಿದ್ದು (ರೂ.) | ವರ್ಷಾಂತ್ಯದ ಮೌಲ್ಯ (ರೂ.) |
|---|---|---|
| 1 | 60,000 | 64,047 |
| 5 | 3,00,000 | 4,12,432 |
| 10 | 6,00,000 | 11,61,695 |

ಈ ಅಂಕಿಗಳು ತಿಂಗಳಿಗೆ ಶೇ. 1ರಂತೆ ಬಂದವು. ಆದರೆ ತಿಂಗಳಿಗೆ ಶೇ. 1 ಚಕ್ರಬಡ್ಡಿಯಂತೆ ಬೆಳೆದರೆ ವರ್ಷಕ್ಕೆ ಶೇ. 12 ಆಗುವುದಿಲ್ಲ, ಸುಮಾರು ಶೇ. 12.68 ಆಗುತ್ತದೆ. ನಿಜವಾಗಿ ವರ್ಷಕ್ಕೆ ಶೇ. 12 ಬರಬೇಕಾದರೆ ತಿಂಗಳ ದರ ಸುಮಾರು ಶೇ. 0.949 ಇರಬೇಕು, ಆಗ ಹತ್ತನೆಯ ವರ್ಷದ ಮೊತ್ತ ಸುಮಾರು 11.20 ಲಕ್ಷಕ್ಕೆ ಇಳಿಯುತ್ತದೆ. ಫಂಡುಗಳು ಪ್ರಕಟಿಸುವ ದೀರ್ಘಾವಧಿ ಲಾಭ ವಾರ್ಷಿಕ ಲೆಕ್ಕದ್ದಾದ್ದರಿಂದ ಹೋಲಿಕೆಗೆ ಎರಡನೆಯ ಕ್ರಮವೇ ಸರಿ.

ದರವೇ ಊಹೆಯಾಗಿರುವಾಗ ನಲವತ್ತು ಸಾವಿರದ ವ್ಯತ್ಯಾಸಕ್ಕೇಕೆ ತಲೆಕೆಡಿಸಿಕೊಳ್ಳಬೇಕು ಎಂಬ ಆಕ್ಷೇಪವಿದೆ. ಮಾರುಕಟ್ಟೆಯ ಏರಿಳಿತ ಯಾರ ಕೈಯಲ್ಲೂ ಇಲ್ಲ, ನಿಜ. ಈ ವ್ಯತ್ಯಾಸ ಹುಟ್ಟುವುದು ಮಾರುಕಟ್ಟೆಯಿಂದಲ್ಲ, ಗುಣಾಕಾರದಿಂದ. ಒಂದೇ ಫಂಡಿಗೆ ಎರಡು ಕ್ರಮದ ಕೋಷ್ಟಕ ಹಿಡಿದವರು ಒಂದು ಹೆಚ್ಚು ಲಾಭದ್ದೆಂದು ಮೋಸಹೋಗುತ್ತಾರೆ. ಪರೀಕ್ಷೆ ಸುಲಭ: ಕೋಷ್ಟಕದ ಕ್ರಮದಲ್ಲೇ ಒಮ್ಮೆ ಇಟ್ಟ 100 ರೂಪಾಯಿ ವರ್ಷಾಂತ್ಯಕ್ಕೆ 112 ಆಗಬೇಕು, 112.68 ಬಂದರೆ ಕೋಷ್ಟಕ ಉಬ್ಬಿದೆ.