ಫೋಟೋದಲ್ಲಿ ಇರುವವರು ನಿಜವಾಗಿಯೂ ಅಲ್ಲಿದ್ದರೇ? ಒಂದು ಗೆರೆ ಎಳೆದು ನೋಡಿ

‘ನೋಡಿ, ಗಲಾಟೆ ನಡೆದಾಗ ಇವನೂ ಅಲ್ಲೇ ಇದ್ದ’ ಎಂಬ ಸಾಲಿನೊಂದಿಗೆ ಒಂದು ಫೋಟೋ ನಿಮ್ಮ ಬಡಾವಣೆಯ ಗ್ರೂಪಿಗೆ ಬರುತ್ತದೆ ಎಂದುಕೊಳ್ಳಿ. ಆ ವ್ಯಕ್ತಿಯ ಸುತ್ತ ಕತ್ತರಿಸಿದ ಗುರುತು ಇಲ್ಲ, ಬಣ್ಣವೂ ಹೊಂದುತ್ತದೆ. ಹಾಗಾದರೆ ಫೋಟೋ ನಿಜವೇ? ಹಾಗೆಂದು ಹೇಳಲಾಗದು. ಅಂಚನ್ನು ನುಣುಪು ಮಾಡುವುದು ಸುಲಭ. ಆದರೆ ಎರಡೂ ಫೋಟೋಗಳನ್ನು ತೆಗೆದ ಕ್ಯಾಮೆರಾದ ಎತ್ತರವನ್ನು ಹೊಂದಿಸಲು ಅನೇಕರು ಮರೆಯುತ್ತಾರೆ. ನಾವು ಹುಡುಕಬೇಕಾದದ್ದು ಆ ತಪ್ಪನ್ನು.

ಗೆರೆ ಎಲ್ಲಿದೆ?

ಪ್ರತಿ ಫೋಟೋದಲ್ಲೂ ಕ್ಯಾಮೆರಾದ ಎತ್ತರಕ್ಕೆ ಸರಿಯಾಗಿ ಒಂದು ಅಡ್ಡಗೆರೆ ಇರುತ್ತದೆ. ಅದೇ ದಿಗಂತ ರೇಖೆ. ಊರೊಳಗೆ ಕಟ್ಟಡಗಳು ಅದನ್ನು ಮರೆಮಾಡಿದರೂ ಹುಡುಕಬಹುದು.

ವಿಜಯನಗರದ ಕಾರ್ಡ್ ರಸ್ತೆಯನ್ನೇ ತೆಗೆದುಕೊಳ್ಳಿ. ಮೇಲೆ ಮೆಟ್ರೋ ಸೇತುವೆ ಉದ್ದಕ್ಕೆ ಸಾಗುತ್ತದೆ, ಕೆಳಗೆ ಫುಟ್‌ಪಾತಿನ ಅಂಚು. ರಸ್ತೆ ನೇರವಾಗಿರುವ ಕಡೆ ನಿಂತು ಫೋಟೋ ತೆಗೆದರೆ, ಸೇತುವೆಯ ಅಂಚು ದೂರ ಹೋದಂತೆ ಕೆಳಗಿಳಿಯುತ್ತದೆ, ಫುಟ್‌ಪಾತಿನ ಅಂಚು ಮೇಲೇರುತ್ತದೆ. ಎರಡನ್ನೂ ಸ್ಕೇಲ್ ಇಟ್ಟು ಮುಂದುವರಿಸಿದರೆ ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದುವಿನ ಮೂಲಕ ಎಳೆದ ಅಡ್ಡಗೆರೆಯೇ ನಮಗೆ ಬೇಕಾದದ್ದು.

ಎಲ್ಲರನ್ನೂ ಒಂದೇ ಎತ್ತರದಲ್ಲಿ ಕತ್ತರಿಸುತ್ತದೆ

ಫೋಟೋ ತೆಗೆದವರು ಮೊಬೈಲನ್ನು ನೆಲದಿಂದ 150 ಸೆಂ.ಮೀ. ಎತ್ತರದಲ್ಲಿ ಹಿಡಿದಿದ್ದರು ಎನ್ನೋಣ. ಆಗ ಆ ಗೆರೆ ಸಮತಟ್ಟಾದ ರಸ್ತೆಯಲ್ಲಿ ನಿಂತ ಎಲ್ಲರನ್ನೂ ನೆಲದಿಂದ 150 ಸೆಂ.ಮೀ. ಎತ್ತರದಲ್ಲೇ ಹಾದುಹೋಗುತ್ತದೆ. 170 ಸೆಂ.ಮೀ. ಎತ್ತರದವರಿಗೆ ಅದು ಸುಮಾರು ಗಲ್ಲದ ಮಟ್ಟ. ಅವರು ಹತ್ತಿರ ನಿಂತು ದೊಡ್ಡದಾಗಿ ಕಂಡರೂ, ದೂರ ನಿಂತು ಚಿಕ್ಕದಾಗಿ ಕಂಡರೂ ಗೆರೆ ಗಲ್ಲದಲ್ಲೇ ಇರುತ್ತದೆ.

ಈಗ ಅನುಮಾನದ ವ್ಯಕ್ತಿಯನ್ನು ಮೊಬೈಲ್ ಪರದೆಯ ಮೇಲೆ ಅಳೆಯೋಣ. ಗೆರೆಯಿಂದ ಅವರ ಪಾದಕ್ಕೆ 15 ಮಿ.ಮೀ. ಇದೆ. ಅಂದರೆ ಆ ಜಾಗದಲ್ಲಿ 15 ಮಿ.ಮೀ. ಎಂದರೆ 150 ಸೆಂ.ಮೀ., ಒಂದು ಮಿ.ಮೀ. ಎಂದರೆ 10 ಸೆಂ.ಮೀ. ಪಾದದಿಂದ ತಲೆಯವರೆಗೆ ಅವರು ಪರದೆಯಲ್ಲಿ 24 ಮಿ.ಮೀ. ಇದ್ದಾರೆ. ಲೆಕ್ಕದ ಪ್ರಕಾರ ಅವರ ಎತ್ತರ 240 ಸೆಂ.ಮೀ., ಸುಮಾರು ಎಂಟು ಅಡಿ! ಉಳಿದವರ ಗಲ್ಲದಲ್ಲಿ ಹಾದ ಗೆರೆ ಇವರ ಸೊಂಟದ ಹತ್ತಿರ ಹಾದಿದೆ. ಇವರು ಕಟ್ಟೆಯ ಮೇಲೆ ನಿಂತಿಲ್ಲವಾದರೆ, ಬೇರೆ ಕಡೆಯಿಂದ ತಂದು ಕೂರಿಸಿದ್ದಾರೆ ಎಂಬ ಅನುಮಾನ ಬಲವಾಗುತ್ತದೆ.

ಅಂಟಿಸಿದವರು ಚಿತ್ರವನ್ನು 17 ಮಿ.ಮೀ.ಗೆ ಕುಗ್ಗಿಸಿದ್ದರೆ ಎತ್ತರ ಸರಿಹೋಗುತ್ತಿತ್ತು. ಆದರೂ ಒಂದು ಸುಳಿವು ಉಳಿಯಬಹುದು. ಮೂಲ ಚಿತ್ರವನ್ನು ಮೊಣಕಾಲೆತ್ತರದಿಂದ, ಹತ್ತಿರದಲ್ಲೇ ಕೂತು ತೆಗೆದಿದ್ದರೆ ಗಲ್ಲದ ಅಡಿಭಾಗ ಕಾಣುತ್ತದೆ. ಪಕ್ಕದವರ ಚಪ್ಪಲಿಯ ಮೇಲ್ಭಾಗ ಚೆನ್ನಾಗಿ ಕಾಣುವಾಗ ಇವರದು ಹೆಚ್ಚಾಗಿ ಮುಂದಿನಿಂದಷ್ಟೇ ಕಾಣುತ್ತದೆ. ಕುಗ್ಗಿಸಿದರೂ ಹಿಗ್ಗಿಸಿದರೂ ಇದು ಬದಲಾಗದು.

ಮುಖ ಹೇಳುವ ದೂರ

ಮುಖದ ಆಕಾರ ಬದಲಾಗುವುದು ಲೆನ್ಸಿನಿಂದ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಕಾರಣ ದೂರ. ವೈಡ್ ಲೆನ್ಸ್ ಇದ್ದಾಗ ನಾವು ಹತ್ತಿರ ಹೋಗುತ್ತೇವೆ, ಅಷ್ಟೇ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ. ಸೆಲ್ಫಿಯಲ್ಲಿ ಮೂಗು 40 ಸೆಂ.ಮೀ. ದೂರವಿದ್ದರೆ ಕಿವಿ 52 ಸೆಂ.ಮೀ. ದೂರ. ಹಾಗಾಗಿ ಮೂಗಿಗೆ ಹೋಲಿಸಿದರೆ ಕಿವಿ ಸುಮಾರು ಕಾಲು ಭಾಗ ಚಿಕ್ಕದಾಗಿ ಕಾಣುತ್ತದೆ. ಮೂರು ಮೀಟರ್ ದೂರದಿಂದ ತೆಗೆದರೆ ಆ ವ್ಯತ್ಯಾಸ ಶೇ. 4 ಮಾತ್ರ. ದೂರದಿಂದ ತೆಗೆದ ಗುಂಪು ಫೋಟೋದಲ್ಲಿ ಒಬ್ಬರಿಗೆ ಮಾತ್ರ ಮೂಗು ದಪ್ಪವಾಗಿ, ಕಿವಿ ಹಿಂದೆ ಸರಿದಂತಿದ್ದರೆ, ಅದು ಸೆಲ್ಫಿಯಿಂದ ಬಂದ ಮುಖವಿರಬಹುದು.

ಊರಲ್ಲಿರದ ಅಣ್ಣನನ್ನು ಮನೆಯ ಗುಂಪು ಫೋಟೋಗೆ ಸೇರಿಸುವವರಿಗೂ ಇದೇ ನಿಯಮ. ಗುಂಪು ಫೋಟೋ ತೆಗೆದಷ್ಟೇ ದೂರದಿಂದ, ಅಷ್ಟೇ ಎತ್ತರದಿಂದ ಅವರ ಫೋಟೋ ತೆಗೆಸಿ ತರಿಸಿಕೊಳ್ಳಿ.

ಎಲ್ಲಿ ಎಡವುತ್ತೇವೆ?

ಬಸವೇಶ್ವರನಗರದ ಏರುರಸ್ತೆಯಲ್ಲಿ ತೆಗೆದ ಫೋಟೋಗೆ ಈ ಲೆಕ್ಕ ನೇರವಾಗಿ ಒಗ್ಗದು. ಮೇಲೆ ನಿಂತವರ ಪಾದವೇ ಎತ್ತರದಲ್ಲಿರುತ್ತದೆ, ಗೆರೆ ಅವರ ಸೊಂಟದಲ್ಲಿ ಹಾದರೆ ಅದು ತಪ್ಪಲ್ಲ. ಅಲ್ಲಿ ಗೆರೆ ಹುಡುಕಲು ರಸ್ತೆಯ ಅಂಚನ್ನು ಬಿಟ್ಟು ಕಟ್ಟಡದ ಕಿಟಕಿ, ಸಜ್ಜಾಗಳ ಸಾಲನ್ನು ಬಳಸಿ, ಅವು ಮಟ್ಟಸವಾಗಿರುತ್ತವೆ. ಮೆಟ್ಟಿಲ ಮೇಲೆ ನಿಂತವರು, ಕೂತವರು, ಮಕ್ಕಳು, ಇವರನ್ನು ಹೋಲಿಕೆಗೆ ಬಳಸಬೇಡಿ.

ಗೆರೆ ಎಲ್ಲರಿಗೂ ಹೊಂದಿತು ಎಂದ ಮಾತ್ರಕ್ಕೆ ಫೋಟೋ ಅಸಲಿ ಎಂದೂ ಅರ್ಥವಲ್ಲ, ಕೆಲಸ ಬಲ್ಲವರು ಅದನ್ನೂ ಹೊಂದಿಸುತ್ತಾರೆ. ಆದರೆ ಸಮತಟ್ಟು ರಸ್ತೆಯಲ್ಲಿ ಒಬ್ಬರಿಗೆ ಮಾತ್ರ ಗೆರೆ ಹೊಂದದಿದ್ದರೆ, ಆ ಫೋಟೋವನ್ನು ಮುಂದಕ್ಕೆ ಕಳಿಸಬೇಡಿ.