ಪಿಎಫ್ ದುಡ್ಡು, ಬಿಇಎಲ್ ಷೇರು ಮತ್ತು ಕೊನೆಯ ಅರ್ಧ ಗಂಟೆ

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ, ಪಕ್ಕದ ನರಸಾಪುರದಲ್ಲಿ ಪಾಳಿ ಮುಗಿಸಿ ಬಸ್ ಹತ್ತುವ ಬಹಳಷ್ಟು ಮಂದಿ ಡಿಮ್ಯಾಟ್ ಖಾತೆಯನ್ನೇ ತೆರೆದಿರಲಿಕ್ಕಿಲ್ಲ. ಆದರೂ ಸಂಬಳದಲ್ಲಿ ಪಿಎಫ್ ಕಡಿತವಾಗುತ್ತಿದ್ದರೆ ಅವರ ದುಡ್ಡು ಷೇರುಪೇಟೆಯಲ್ಲಿದೆ. ಭವಿಷ್ಯ ನಿಧಿ ಸಂಘಟನೆ 2015ರ ಆಗಸ್ಟ್‌ನಲ್ಲಿ ಸೆನ್ಸೆಕ್ಸ್ ಮತ್ತು ನಿಫ್ಟಿ ಇಟಿಎಫ್‌ಗಳಲ್ಲಿ ಹಣ ತೊಡಗಿಸತೊಡಗಿತು. ಹೊಸದಾಗಿ ಬರುವ ಹಣದಲ್ಲಿ ಶೇ 5 ಎಂದು ಶುರುವಾದದ್ದು 2017ರ ಹೊತ್ತಿಗೆ ಶೇ 15ಕ್ಕೆ ಏರಿತು. ಈ ಫಂಡ್‌ಗಳಿಗೆ ಸ್ವಂತ ಅಭಿಪ್ರಾಯ ಇಲ್ಲ. ಸೂಚ್ಯಂಕದ ಪಟ್ಟಿಯಲ್ಲಿ ಇದ್ದುದನ್ನು ಇಟ್ಟುಕೊಳ್ಳಬೇಕು, ಬಿಟ್ಟುಹೋದುದನ್ನು ಮಾರಬೇಕು, ಹೊಸದು ಬಂದರೆ ಅಂದಿನ ಬೆಲೆಗೆ ಕೊಳ್ಳಬೇಕು. ಪಟ್ಟಿ ಬದಲಾದಾಗ ಷೇರು ಯಾಕೆ ಕದಲುತ್ತದೆ ಎಂಬ ಪ್ರಶ್ನೆ ಆ ಕಾರಣಕ್ಕೆ ದಲಾಲರಿಗೆ ಮಾತ್ರ ಸೇರಿದ್ದಲ್ಲ.

ಅರ್ಥಶಾಸ್ತ್ರ ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು 1986ರಲ್ಲಿ. ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಸಂಸ್ಥೆ ಸಾಮಾನ್ಯ ಹೂಡಿಕೆದಾರರಿಗೆ ಸೂಚ್ಯಂಕ ಫಂಡ್ ತೆರೆದು ಆಗ ಹತ್ತು ವರ್ಷವಾಗಿತ್ತು. ಷೇರಿನ ಬೆಲೆ ಕಂಪನಿಯ ಮುಂದಿನ ಗಳಿಕೆಯನ್ನು ಅವಲಂಬಿಸಿದೆ, ಯಾರು ಎಷ್ಟು ಕೊಳ್ಳುತ್ತಾರೆ ಎಂಬುದು ಲೆಕ್ಕಕ್ಕಿಲ್ಲ ಎಂಬುದು ಅಂದಿನ ಪಾಠ. ಆಂಡ್ರೆ ಶ್ಲೈಫರ್ ಎಸ್ ಆ್ಯಂಡ್ ಪಿ 500 ಸೂಚ್ಯಂಕಕ್ಕೆ 1976ರ ನಂತರ ಸೇರಿದ ಕಂಪನಿಗಳನ್ನು ನೋಡಿದರು. ಸೇರ್ಪಡೆಯ ಸುದ್ದಿ ಬಂದೊಡನೆ ಆ ಷೇರುಗಳು ಪೇಟೆಗಿಂತ ಹೆಚ್ಚುಕಡಿಮೆ ಶೇ 3ರಷ್ಟು ಜಾಸ್ತಿ ಏರಿದ್ದವು. ಅದೇ ವರ್ಷ ಹ್ಯಾರಿಸ್ ಮತ್ತು ಗುರೆಲ್ ಕೂಡ ಅಷ್ಟೇ ಏರಿಕೆ ಕಂಡರು, ಆದರೆ ಎರಡು ವಾರದಲ್ಲಿ ಅದು ಇಳಿದುಹೋಗುತ್ತದೆ ಎಂದರು. ಇಳಿದರೆ ಅದು ಒಮ್ಮೆಲೇ ಬಂದ ಕೊಳ್ಳುವಿಕೆಯ ನೂಕುನುಗ್ಗಲು. ಇಳಿಯದಿದ್ದರೆ ಎರಡು ಸಾಧ್ಯತೆ: ಆ ಷೇರುಗಳು ಫಂಡ್‌ಗಳ ಕೈಯಲ್ಲಿ ಕೂತು ಪೇಟೆಯಲ್ಲಿ ಶಾಶ್ವತವಾಗಿ ಕಡಿಮೆಯಾಗಿವೆ, ಇಲ್ಲವೇ ಸೂಚ್ಯಂಕ ಸಮಿತಿ ಕಂಪನಿಯ ಬಗ್ಗೆ ಏನೋ ಒಳ್ಳೆಯದನ್ನು ಕಂಡಿದೆ ಎಂದು ಜನ ಭಾವಿಸಿದ್ದಾರೆ.

ಈ ಎರಡನೆಯ ಶಂಕೆಯನ್ನು ಕಳೆಯಲು ಕೆನಡಾದ ಒಂದು ಪ್ರಸಂಗ ಒದಗಿಬಂತು. 1996ರ ನವೆಂಬರ್‌ನಲ್ಲಿ ಟೊರಾಂಟೊ ಪೇಟೆಯ 300 ಕಂಪನಿಗಳ ಸೂಚ್ಯಂಕದಲ್ಲಿ ಯಾವ ಷೇರುಗಳು ಸಾರ್ವಜನಿಕರ ಕೈಯಲ್ಲಿವೆ ಎಂಬುದರ ಲೆಕ್ಕವನ್ನು ತಿದ್ದಲಾಯಿತು. ಯಾರೂ ಹೊಸದಾಗಿ ಬರಲಿಲ್ಲ. ಕೆಲವು ಕಂಪನಿಗಳ ತೂಕ ಹೆಚ್ಚಿತು, ಅಷ್ಟೆ. ಬದಲಾವಣೆ ಮೊದಲೇ ಗೊತ್ತಿತ್ತು, ಕಂಪನಿಗಳ ಬಗ್ಗೆ ಹೊಸ ಮಾಹಿತಿ ಕಿಂಚಿತ್ತೂ ಇರಲಿಲ್ಲ. ಆದರೂ ಆ ವಾರ ಅವು ಶೇ 2.3ರಷ್ಟು ಹೆಚ್ಚುವರಿಯಾಗಿ ಏರಿದವು, ಮತ್ತೆ ಇಳಿಯಲೂ ಇಲ್ಲ. ಕೌಲ್, ಮೆಹ್ರೋತ್ರಾ ಮತ್ತು ಮೋರ್ಕ್ ಬರೆದ ಈ ಅಧ್ಯಯನ ಈ ಕ್ಷೇತ್ರದ ಅತ್ಯಂತ ಶುದ್ಧ ಸಾಕ್ಷ್ಯ ಎಂದೇ ನನ್ನ ಎಣಿಕೆ. ನಮ್ಮ ಇನ್ಫೊಸಿಸ್‌ನ ಪ್ರಸಂಗವೂ ಇದೇ ಬಗೆಯದು. 2006ರ ಡಿಸೆಂಬರ್‌ನಲ್ಲಿ ನಾಸ್‌ಡಾಕ್-100 ಸೇರಿದ ಕಂಪನಿ 2012ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಅದರ ಜಾಗಕ್ಕೆ ಫೇಸ್‌ಬುಕ್ ಬಂತು. ಹೊರಬಿದ್ದದ್ದು ನಷ್ಟದಿಂದಲ್ಲ, ತನ್ನ ಅಮೆರಿಕದ ನೋಂದಣಿಯನ್ನು ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರಕ್ಕೆ ಬದಲಿಸಿಕೊಂಡದ್ದರಿಂದ.

ಈಗ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ಗೆ ಬರೋಣ. ನಿಫ್ಟಿ 50ರ ಪಟ್ಟಿ ವರ್ಷಕ್ಕೆರಡು ಬಾರಿ ಪರಿಷ್ಕರಣೆಯಾಗುತ್ತದೆ. ಜನವರಿ ಮತ್ತು ಜುಲೈ ಕೊನೆಯವರೆಗಿನ ಆರು ತಿಂಗಳ ಸರಾಸರಿ ಮಾರುಕಟ್ಟೆ ಮೌಲ್ಯವನ್ನು ನೋಡುತ್ತಾರೆ. ಪ್ರವರ್ತಕರ ಪಾಲನ್ನು ಬಿಟ್ಟು, ಪೇಟೆಯಲ್ಲಿ ಕೈ ಬದಲಾಗಬಲ್ಲ ಷೇರುಗಳ ಮೌಲ್ಯ ಮಾತ್ರ ಲೆಕ್ಕಕ್ಕೆ. ಹೊಸ ಕಂಪನಿಯದು ಪಟ್ಟಿಯ ಅತಿ ಚಿಕ್ಕ ಕಂಪನಿಯ ಒಂದೂವರೆ ಪಟ್ಟಾದರೂ ಇರಬೇಕು. 2024ರ ಆಗಸ್ಟ್ 23ರಂದು ಬಿಇಎಲ್ ಮತ್ತು ಟ್ರೆಂಟ್ ಒಳಕ್ಕೆ, ಎಲ್‌ಟಿಐಮೈಂಡ್‌ಟ್ರೀ ಮತ್ತು ಡಿವೀಸ್ ಹೊರಕ್ಕೆ ಎಂಬ ಪ್ರಕಟಣೆ ಬಂತು. ಜಾರಿ ಸೆಪ್ಟೆಂಬರ್ 30, ಸೋಮವಾರ. ಅಂದರೆ ಫಂಡ್‌ಗಳು ಕೊಳ್ಳಬೇಕಾದದ್ದು 27ರ ಶುಕ್ರವಾರ ಪೇಟೆ ಮುಚ್ಚುವ ಬೆಲೆಗೆ. ಆ ಬೆಲೆ ಮಧ್ಯಾಹ್ನ 3ರಿಂದ 3.30ರವರೆಗಿನ ವಹಿವಾಟಿನ ಸರಾಸರಿ.

ಲೆಕ್ಕ ಹಾಕಿ ನೋಡೋಣ. ಬಿಇಎಲ್‌ನ ಒಟ್ಟು ಷೇರು ಸುಮಾರು 731 ಕೋಟಿ. ಶೇ 51ರಷ್ಟು ಕೇಂದ್ರ ಸರ್ಕಾರದ್ದು, ಅದು ಕದಲುವುದಿಲ್ಲ. ಉಳಿದದ್ದು ಹತ್ತಿರ ಹತ್ತಿರ 358 ಕೋಟಿ. ನಿಫ್ಟಿಯನ್ನು ಹಿಂಬಾಲಿಸುವ ಫಂಡ್‌ಗಳ ಹಣ 3 ಲಕ್ಷ ಕೋಟಿ ರೂಪಾಯಿ, ಬಿಇಎಲ್‌ನ ತೂಕ ಶೇ 1, ಬೆಲೆ 285 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಕೊಳ್ಳಬೇಕಾದದ್ದು 3,000 ಕೋಟಿ ರೂಪಾಯಿಯ ಷೇರು, ಅಂದರೆ ಸುಮಾರು ಹತ್ತೂವರೆ ಕೋಟಿ. ಪೇಟೆಯಲ್ಲಿ ಸಿಗಬಲ್ಲ ಪ್ರತಿ 100 ಷೇರಿನಲ್ಲಿ ಸುಮಾರು ಮೂರು, ಅದೂ ಅರ್ಧ ಗಂಟೆಯಲ್ಲಿ. ಕೋಲಾರದ ಟೊಮೆಟೊ ಹರಾಜಿನಲ್ಲಿ ಒಬ್ಬ ಖರೀದಿದಾರ ಇಂಥ ದಿನ ಬೆಳಿಗ್ಗೆ ಎಷ್ಟೇ ಬೆಲೆಯಾದರೂ ಇಷ್ಟು ಸಾವಿರ ಬಾಕ್ಸ್ ಎತ್ತಲೇಬೇಕು ಎಂದು ತಿಂಗಳ ಮೊದಲೇ ಮಂಡಿಗೆಲ್ಲ ಗೊತ್ತಾದರೆ ಏನಾಗುತ್ತದೆ? ಅವನಿಗೆ ಮಾರಲೆಂದೇ ಬೇರೆಯವರು ಮುಂಚೆಯೇ ಕೊಂಡಿಡುತ್ತಾರೆ.

ಬಿಇಎಲ್ ವಿಷಯದಲ್ಲೂ ಸೇರ್ಪಡೆಯ ದಿನದ ಏರಿಕೆಯನ್ನು ಹುಡುಕಿದವರಿಗೆ ನಿರಾಸೆಯೇ ಕಾದಿತ್ತು. ಜುಲೈನಲ್ಲಿ 340 ರೂಪಾಯಿಯ ಆಸುಪಾಸು ಮುಟ್ಟಿದ್ದ ಷೇರು ಪಟ್ಟಿ ಸೇರುವ ಹೊತ್ತಿಗೆ 300ಕ್ಕಿಂತ ಕೆಳಗಿತ್ತು. ನಿಯಮಗಳು ಬಹಿರಂಗ, ಆರು ತಿಂಗಳ ಸರಾಸರಿಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ದಲ್ಲಾಳಿ ಸಂಸ್ಥೆಗಳು ಪ್ರಕಟಣೆಗೂ ಮೊದಲೇ ಸಂಭಾವ್ಯರ ಪಟ್ಟಿ ಹಂಚುತ್ತವೆ. ಇನ್ನೊಂದು ಕಾರಣವೂ ಇದೆ. ಬಿಇಎಲ್ ಅದುವರೆಗೆ ನಿಫ್ಟಿ ನೆಕ್ಸ್ಟ್ 50ರಲ್ಲಿತ್ತು. ಒಂದು ಕಡೆ ಕೊಳ್ಳುವವರು ಬಂದಾಗ, ಆ ಕೆಳಗಿನ ಸೂಚ್ಯಂಕದ ಫಂಡ್‌ಗಳು ಮಾರಲೇಬೇಕು. ಅವುಗಳ ಹಣ ಕಡಿಮೆಯಾದ್ದರಿಂದ ಸರಿಸಮ ಆಗುವುದಿಲ್ಲ, ಒತ್ತಡ ಮಾತ್ರ ತಗ್ಗುತ್ತದೆ. ಗ್ರೀನ್‌ವುಡ್ ಮತ್ತು ಸ್ಯಾಮನ್ ಅವರ ಇತ್ತೀಚಿನ ಅಧ್ಯಯನ ಇದನ್ನೇ ಅಮೆರಿಕದಲ್ಲಿ ಕಂಡಿತು: 1990ರ ದಶಕದಲ್ಲಿ ಶೇ 7ನ್ನೂ ಮೀರಿದ್ದ ಸೇರ್ಪಡೆಯ ಲಾಭ ಇತ್ತೀಚಿನ ದಶಕದಲ್ಲಿ ಶೇ 1ಕ್ಕಿಂತ ಕೆಳಗೆ ಬಂದಿದೆ.

ಇಲ್ಲಿ ಒಂದು ಗೊಂದಲ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಬಿಇಎಲ್ ಷೇರು ಸೇರ್ಪಡೆಗೆ ಮುಂಚಿನ ಒಂದು ವರ್ಷದಲ್ಲಿ ಎರಡು ಪಟ್ಟಾಗಿತ್ತು. ಅದನ್ನು ತೋರಿಸಿ, ನಿಫ್ಟಿ ಸೇರಿದರೆ ಹೀಗಾಗುತ್ತದೆ ಎನ್ನುವವರಿದ್ದಾರೆ. ಆದದ್ದು ತಿರುಗುಮುರುಗು. ಬೆಲೆ ಏರಿ ಮೌಲ್ಯ ದೊಡ್ಡದಾದದ್ದಕ್ಕೇ ಅದು ಪಟ್ಟಿಗೆ ಬಂತು. ನಿಜವಾದ ಪರಿಣಾಮ ತಿಳಿಯಬೇಕಾದರೆ ಪ್ರಕಟಣೆಯ ದಿನದಿಂದ ಜಾರಿಯ ದಿನದವರೆಗೆ ಅದೇ ವಲಯದ ಉಳಿದ ಷೇರುಗಳಿಗೆ ಹೋಲಿಸಿ ನೋಡಬೇಕು. ಕೊನೆಯ ಶುಕ್ರವಾರದ ವಹಿವಾಟು ಎಷ್ಟು ಪಟ್ಟು ಹಿಗ್ಗಿತು ಎಂದು ಗಮನಿಸಬೇಕು. ಆಮೇಲೆ ಎರಡು ಮೂರು ವಾರದಲ್ಲಿ ಬೆಲೆ ಹಿಂದಿರುಗಿತೇ ಎಂಬುದನ್ನೂ ನೋಡಬೇಕು.

ಪಟ್ಟಿ ಬದಲಾದಾಗ ಫಂಡ್‌ಗೆ ತಗಲುವ ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ನನಗೆ ಹೆಚ್ಚು ಕಳವಳದ ಸಂಗತಿ. ಫಂಡ್ ವ್ಯವಸ್ಥಾಪಕರನ್ನು ಅಳೆಯುವುದು ಸೂಚ್ಯಂಕದಿಂದ ಎಷ್ಟು ಕಡಿಮೆ ಅಂತರ ಉಳಿಸಿಕೊಂಡರು ಎಂಬುದರಿಂದ. ಸೂಚ್ಯಂಕ ಹೊಸ ಷೇರನ್ನು ಮುಚ್ಚುವ ಬೆಲೆಗೆ ಲೆಕ್ಕಕ್ಕೆ ಹಿಡಿಯುತ್ತದೆ, ಫಂಡ್ ಕೂಡ ಅದೇ ಬೆಲೆಗೆ ಕೊಳ್ಳುತ್ತದೆ. ಆ ಬೆಲೆ ಉಬ್ಬಿದ್ದರೆ ಎರಡರ ಲೆಕ್ಕವೂ ಒಟ್ಟಿಗೆ ಉಬ್ಬುತ್ತದೆ, ಮುಂದೆ ಇಳಿದರೆ ಒಟ್ಟಿಗೆ ಇಳಿಯುತ್ತದೆ, ಅಂತರ ಸೊನ್ನೆ. ವರದಿಯಲ್ಲಿ ಎಲ್ಲವೂ ಅಚ್ಚುಕಟ್ಟು. ವಾರಗಟ್ಟಲೆ ಸಣ್ಣ ಸಣ್ಣದಾಗಿ ಕೊಂಡ ವ್ಯವಸ್ಥಾಪಕರು ಹೂಡಿಕೆದಾರರಿಗೆ ದುಡ್ಡು ಉಳಿಸಬಹುದು, ಆದರೆ ಅಂತರ ಕಂಡರೆ ವಿವರಣೆ ಕೊಡಬೇಕಾದವರೂ ಅವರೇ. ಪಿಎಫ್‌ನಲ್ಲಂತೂ ಸದಸ್ಯನ ಪಾಸ್‌ಬುಕ್‌ನಲ್ಲಿ ಕಾಣುವುದು ಘೋಷಿತ ಬಡ್ಡಿ ಮಾತ್ರ.

2025ರ ಜೂನ್ 23ರಂದು ಇದೇ ಬಿಇಎಲ್ ಸೆನ್ಸೆಕ್ಸ್‌ಗೂ ಬಂತು, ಟ್ರೆಂಟ್ ಜತೆಗೇ. ಈ ಬಾರಿ ಜಾಗ ಬಿಟ್ಟವು ನೆಸ್ಲೆ ಮತ್ತು ಇಂಡಸ್‌ಇಂಡ್ ಬ್ಯಾಂಕ್. ಅದಕ್ಕೂ ಸರಿಯಾಗಿ ಒಂದು ತಿಂಗಳ ಮುಂಚೆ ಪ್ರಕಟಣೆ ಹೊರಬಿದ್ದಿತ್ತು. ಹೀಗಾಗಿ ಸೆನ್ಸೆಕ್ಸ್ ಇಟಿಎಫ್‌ಗಳು ಯಾವ ದಿನ ಏನನ್ನು ಕೊಳ್ಳಲಿವೆ, ಏನನ್ನು ಮಾರಲಿವೆ ಎಂಬುದು ಪೇಟೆಗೆ ಒಂದು ತಿಂಗಳ ಮೊದಲೇ ತಿಳಿದಿತ್ತು.